ಆಯುಧಪೂಜೆಯ ದಿನದ ಟಿಕ್ ಗುರುತು

ಪೀಣ್ಯದ ಕಡೆ ಶೀಟ್ ಮೆಟಲ್ ಕೆಲಸ ಮಾಡಿದ ಹಳಬರ ಜೊತೆ ಚಹಾ ಕುಡಿಯಲು ನಿಂತರೆ ಅವರ ಕೈಗಳನ್ನು ಒಮ್ಮೆ ಗಮನಿಸಿ. ಯಾರಾದರೊಬ್ಬರ ತೋರುಬೆರಳಿನ ತುದಿ ಇರುವುದಿಲ್ಲ. ಕೇಳಿದರೆ ‘ಪ್ರೆಸ್‌ನಲ್ಲಿ ಹೋಯ್ತು’ ಎಂದಷ್ಟೇ ಹೇಳಿ ಮಾತು ಮುಗಿಸುತ್ತಾರೆ. ತಗಡನ್ನು ಡೈ ಮೇಲಿಟ್ಟು ಒತ್ತಿ ಆಕಾರ ಕೊಡುವ ಪವರ್ ಪ್ರೆಸ್ ಅಷ್ಟು ವೇಗದ ಯಂತ್ರ. ಅಪಾಯಕಾರಿ ಭಾಗಗಳಿಗೆ ಗಟ್ಟಿ ರಕ್ಷಣೆ ಇರಬೇಕು, ಯಂತ್ರ ಓಡುವಾಗ ಅದು ಜಾಗದಲ್ಲೇ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆ ತನ್ನ 21ನೇ ಸೆಕ್ಷನ್‌ನಲ್ಲೇ ಬರೆದಿಟ್ಟಿತು. ರಕ್ಷಣೆ ಹಾಕಿಸುವುದು ಒಂದು ಕೆಲಸ. ಹಾಕಿಸಿದ್ದು ಇವತ್ತಿಗೂ ಕೆಲಸ ಮಾಡುತ್ತಿದೆಯೇ ಎಂದು ಕಂಪನಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಇನ್ನೊಂದು ಕೆಲಸ. ಆ ಎರಡನೆಯದಕ್ಕೇ ಆಂತರಿಕ ಸುರಕ್ಷತಾ ಆಡಿಟ್ ಎನ್ನುತ್ತಾರೆ. ನಮ್ಮಲ್ಲಿ ಐಎಸ್ 14489 ಎಂಬ ಭಾರತೀಯ ಮಾನಕ, ಅಂತರರಾಷ್ಟ್ರೀಯವಾಗಿ 2018ರ ಐಎಸ್ಒ 45001 ಇದನ್ನು ಹೇಗೆ ಮಾಡಬೇಕೆಂದು ಹೇಳುತ್ತವೆ. ಆದರೆ ಮಾನಕ ಓದಿದ ಮಾತ್ರಕ್ಕೆ ಆಡಿಟ್ ಬರುವುದಿಲ್ಲ. ಒಂದು ಪ್ರೆಸ್ ಶಾಪನ್ನೇ ಇಟ್ಟುಕೊಂಡು ನೋಡೋಣ. ಕಾರ್ಖಾನೆ ಕಲ್ಪಿತ, ಅಂಕಿಗಳು ಉದಾಹರಣೆಗೆ. ಆದರೆ ಪ್ರೆಸ್ ಶಾಪ್ ಬಲ್ಲವರಿಗೆ ಇದರಲ್ಲಿ ಹೊಸದೆನಿಸುವುದು ಹೆಚ್ಚೇನೂ ಇರಲಾರದು.

ಈ ಶಾಪ್‌ನಲ್ಲಿ 22 ಪ್ರೆಸ್‌ಗಳಿವೆ. ಹದಿನಾರರಲ್ಲಿ ಗಾಳಿಯ ಒತ್ತಡದಿಂದ ಹಿಡಿದು ಬಿಡುವ ಫ್ರಿಕ್ಷನ್ ಕ್ಲಚ್ ಇದೆ, ಉಳಿದ ಆರು ಹಳೆಯ ಕೀ ಕ್ಲಚ್ ಪ್ರೆಸ್‌ಗಳು. ಹದಿನಾರಕ್ಕೆ ಹದಿನಾರೂ, ಜೊತೆಗೆ ಹಳೆಯದರಲ್ಲಿ ಎರಡಕ್ಕೆ, ಲೈಟ್ ಕರ್ಟನ್ ಕೂರಿಸಿದ್ದಾರೆ. ಡೈ ಮುಂದೆ ಎರಡು ಕಂಬ, ಅವುಗಳ ನಡುವೆ ಕಣ್ಣಿಗೆ ಕಾಣದ ಬೆಳಕಿನ ಕಿರಣಗಳು. ಕೈ ಒಳಗೆ ಹೋಗಿ ಕಿರಣ ಕಡಿದರೆ ಪ್ರೆಸ್ ನಿಲ್ಲಬೇಕು. ಪ್ರತಿ ಶಿಫ್ಟ್ ಆರಂಭದಲ್ಲಿ ಆಪರೇಟರು ಬೆರಳಿನಷ್ಟು ದಪ್ಪದ, 14 ಮಿಲಿಮೀಟರಿನ ಒಂದು ಟೆಸ್ಟ್ ರಾಡನ್ನು ಆ ಪರದೆಯಲ್ಲಿ ಮೇಲಿಂದ ಕೆಳಗೆ ಆಡಿಸಿ, ದೀಪ ಬದಲಾಯಿತೇ ಎಂದು ನೋಡಿ ಚೆಕ್‌ಶೀಟಿನಲ್ಲಿ ಟಿಕ್ ಹಾಕಬೇಕು. ಅಲ್ಲಿಗೆ ಎಲ್ಲವೂ ಚೆಂದ.

ಆಡಿಟ್ ನವೆಂಬರಿನಲ್ಲಿ. ತಂಡದಲ್ಲಿ ಮೂವರು: ಕ್ವಾಲಿಟಿ ವಿಭಾಗದ ಎಂಜಿನಿಯರ್ ಒಬ್ಬರು, ಟೂಲ್ ರೂಮಿನ ಹಿರಿಯ ಮೇಸ್ತ್ರಿ, ಸುರಕ್ಷತಾ ಸಮಿತಿಯಲ್ಲಿರುವ ಕಾರ್ಮಿಕ ಪ್ರತಿನಿಧಿ. ಮೇಂಟೆನೆನ್ಸ್‌ನವರು ಯಾರೂ ಇಲ್ಲ. ತಮ್ಮ ಕೆಲಸವನ್ನು ತಾವೇ ಪರೀಕ್ಷಿಸಬಾರದು ಎಂಬುದು ನಿಯಮ. ಸಣ್ಣ ಕಾರ್ಖಾನೆಗಳಲ್ಲಿ ಇದು ಕಷ್ಟ, ಹಾಗಾಗಿ ಒಂದೇ ಗುಂಪಿನ ಎರಡು ಘಟಕಗಳು ಪರಸ್ಪರ ಆಡಿಟ್ ಮಾಡಿಕೊಳ್ಳುವುದೂ ಇದೆ.

ಬಹಳ ಕಡೆ ಆಡಿಟ್ ಶುರುವಾಗುವುದೇ ತಪ್ಪು ಜಾಗದಲ್ಲಿ. ಹತ್ತು ಗಂಟೆಗೆ ಕಾನ್ಫರೆನ್ಸ್ ರೂಮಿನಲ್ಲಿ ಗೋಡಂಬಿ, ಬಿಸ್ಕತ್ತಿನ ತಟ್ಟೆ. ಮುಂದೆ ಫೈಲುಗಳ ಸಾಲು. ಸೇಫ್ಟಿ ಆಫೀಸರು ಒಂದು ಫೈಲ್ ತೆಗೆದು ‘ಸರ್, ಸ್ಯಾಂಪಲ್‌ಗೆ ಇದನ್ನ ನೋಡಿ’ ಎನ್ನುತ್ತಾರೆ. ಅವರಲ್ಲಿ ಕಪಟವೇನೂ ಇರಬೇಕಿಲ್ಲ. ಮನೆಗೆ ಬಂದವರಿಗೆ ಹಿಂದಿನ ಕೋಣೆಯನ್ನು ಯಾರೂ ಮೊದಲು ತೋರಿಸುವುದಿಲ್ಲ. ಆದರೆ ಎದುರಿನವರು ಆರಿಸಿ ಕೊಟ್ಟ ಮಾದರಿಯಿಂದ ಏನನ್ನೂ ಹೇಳಲಾಗದು. ಆ ಫೈಲು ಚೆನ್ನಾಗಿದೆ ಎಂದಷ್ಟೇ ಹೇಳಬಹುದು.

ನಮ್ಮ ತಂಡ ಬೆಳಗ್ಗೆ ಐದೂಮುಕ್ಕಾಲಿಗೇ ಗೇಟಿನಲ್ಲಿತ್ತು. ಫಸ್ಟ್ ಶಿಫ್ಟ್ ಆರಕ್ಕೆ. ಒಬ್ಬ ಆಪರೇಟರ್ ಆಗಲೇ ಶೀಟಿಗೆ ಟಿಕ್ ಹಾಕಿ ಪ್ರೆಸ್ ಆನ್ ಮಾಡುತ್ತಿದ್ದ. ‘ಟೆಸ್ಟ್ ಮಾಡಿದ್ರಾ?’ ಎಂದು ಕೇಳಿದರೆ ‘ಮಾಡಿದೆ ಸರ್’ ಎಂಬ ಉತ್ತರ ಖಾತ್ರಿ. ಅದಕ್ಕೇ ಮೇಸ್ತ್ರಿ ಹಾಗೆ ಕೇಳಲಿಲ್ಲ.

‘ತಮ್ಮಾ, ಇದನ್ನ ದಿನಾ ಹೆಂಗೆ ಟೆಸ್ಟ್ ಮಾಡ್ತೀಯ, ಒಂದ್ಸಲ ಮಾಡಿ ತೋರಿಸಪ್ಪಾ.’

ಹುಡುಗ ಅತ್ತಿತ್ತ ನೋಡಿದ. ‘ರಾಡು ಲೈನ್ ಇನ್‌ಚಾರ್ಜ್ ಹತ್ರ ಇರುತ್ತೆ ಅಣ್ಣ. ಬೀರೂಲಿ. ಅವ್ರು ಬರೋದು ಎಂಟೂವರೆಗೆ.’

ಇಡೀ ಆಡಿಟ್ ಇಲ್ಲಿಂದ ದಿಕ್ಕು ಬದಲಿಸಿತು. ಆರಕ್ಕೆ ಟಿಕ್, ರಾಡು ಎಂಟೂವರೆಗೆ. ಆದರೂ ಇದು ಒಂದು ಪ್ರೆಸ್ಸು, ಒಂದು ಬೆಳಗ್ಗೆ, ಒಬ್ಬ ಹುಡುಗ. ಇಷ್ಟರ ಮೇಲೆ ‘ಇಡೀ ಶಾಪ್ ಸುಳ್ಳು ಟಿಕ್ ಹಾಕುತ್ತಿದೆ’ ಎಂದು ಬರೆದರೆ ಮಧ್ಯಾಹ್ನದೊಳಗೆ ಆ ವಾಕ್ಯವನ್ನು ಹೊಡೆದು ಹಾಕಿಸುತ್ತಾರೆ, ಅದೂ ನ್ಯಾಯವಾಗಿಯೇ. ಈಗ ದಾಖಲೆಗಳ ಕಡೆ ಹೋಗಬೇಕು.

ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಮೂರು ತಿಂಗಳ ಚೆಕ್‌ಶೀಟು ನೋಡುವುದೆಂದು ನಿರ್ಧಾರ. 18 ಪ್ರೆಸ್, ದಿನಕ್ಕೆ ಮೂರು ಶಿಫ್ಟ್, ತಿಂಗಳಿಗೆ 26 ದಿನ ಎಂದರೆ ನಾಲ್ಕು ಸಾವಿರದ ಇನ್ನೂರು ದಾಖಲೆಗಳು. ಅಷ್ಟನ್ನೂ ಓದಲು ಯಾರಿಂದಲೂ ಆಗದು. ಎಷ್ಟು ನೋಡಿದರೆ ಸಾಕು? ಇದಕ್ಕೆ ಸುಲಭದ ಒಂದು ಲೆಕ್ಕವಿದೆ. ನೂರಕ್ಕೆ ಹತ್ತು ಶೀಟು ಸುಳ್ಳು ಎಂದುಕೊಳ್ಳಿ. ಕಣ್ಣು ಮುಚ್ಚಿ ಒಂದನ್ನು ತೆಗೆದರೆ ಅದು ಸರಿ ಇರುವ ಸಂಭವ ಶೇ 90. ಹತ್ತು ತೆಗೆದರೆ ಹತ್ತೂ ಸರಿ ಇರುವ ಸಂಭವ, 0.9 ಅನ್ನು ಹತ್ತು ಸಲ ಗುಣಿಸಿದಷ್ಟು: ಶೇ 35. ಅಂದರೆ ಹತ್ತು ಶೀಟು ನೋಡಿ ‘ಎಲ್ಲ ಸರಿಯಿದೆ’ ಎಂದು ಬರೆಯುವ ಆಡಿಟರು, ನೂರಕ್ಕೆ ಹತ್ತು ಸುಳ್ಳಿರುವ ಜಾಗದಲ್ಲೂ ಮೂರರಲ್ಲಿ ಒಂದು ಸಲ ಮೋಸ ಹೋಗುತ್ತಾರೆ. ಮೂವತ್ತು ತೆಗೆದರೆ ಆ ಸಂಭವ ಶೇ 4ಕ್ಕೆ ಇಳಿಯುತ್ತದೆ. ಮೂವತ್ತು ಎಂಬುದು ಮಂತ್ರಸಂಖ್ಯೆಯೇನಲ್ಲ. ಒಂದು ಬೆಳಗಿನಲ್ಲಿ ಓದಿ ಮುಗಿಸಬಹುದಾದ, ಕಣ್ಣಿಗೆ ಮಣ್ಣೆರಚುವುದು ಕಷ್ಟವಾಗುವ ಒಂದು ಗಾತ್ರ, ಅಷ್ಟೆ.

ಆದರೆ ಈ ಲೆಕ್ಕಕ್ಕೊಂದು ಷರತ್ತಿದೆ. ಮೂವತ್ತೂ ಒಂದೇ ಪ್ರೆಸ್ಸಿನವು, ಒಂದೇ ಕೈಬರಹದವು ಆದರೆ ಅವು ಮೂವತ್ತು ಮಾದರಿಗಳಲ್ಲ. ಒಬ್ಬ ಆಪರೇಟರಿನ ಅಭ್ಯಾಸವನ್ನು ಮೂವತ್ತು ಸಲ ನೋಡಿದಂತೆ. ಅದಕ್ಕಾಗಿ ಪ್ರೆಸ್ ಸಂಖ್ಯೆ, ತಾರೀಖು, ಶಿಫ್ಟ್ ಮೂರನ್ನೂ ಕಂಪ್ಯೂಟರಿನ ಯಾದೃಚ್ಛಿಕ ಸಂಖ್ಯೆಯಿಂದ ಆರಿಸಿದರು. ಚೀಟಿ ಎತ್ತಿದರೂ ನಡೆಯುತ್ತದೆ. ಅವುಗಳ ಹೊರಗೆ ಇನ್ನೂ ಹತ್ತನ್ನು ಬೇಕೆಂತಲೇ ಆರಿಸಿದರು. ತಪ್ಪು ಇರುವುದಾದರೆ ಎಲ್ಲಿ ಇರಬಹುದು ಎಂದು ಯೋಚಿಸಿ, ಆ ಜಾಗಕ್ಕೇ ಹೋಗಿ ತೆಗೆದವು ಅವು.

ಎಲ್ಲಿ ಎಂದು ತಿಳಿಯುವುದು ಹೇಗೆ? ಟಿಕ್ ಹಾಕಿದ ಶೀಟನ್ನೇ ದಿಟ್ಟಿಸಿದರೆ ಅದು ಸುಳ್ಳೋ ನಿಜವೋ ಗೊತ್ತಾಗುವುದಿಲ್ಲ. ಅದನ್ನು ಬರೆದವರಿಗೆ ಸಂಬಂಧವೇ ಇಲ್ಲದ, ಬೇರೆ ಯಾರೋ ಬೇರೆ ಉದ್ದೇಶಕ್ಕೆ ಇಟ್ಟ ಇನ್ನೊಂದು ದಾಖಲೆ ಬೇಕು. ಪ್ರೆಸ್ ಶಾಪಿನಲ್ಲಿ ಅಂಥದ್ದು ಬ್ರೇಕ್‌ಡೌನ್ ರಿಜಿಸ್ಟರ್. ಕೆಟ್ಟು ನಿಂತ ಪ್ರೆಸ್ಸಿನ ಸಮಯವನ್ನು ಮೇಂಟೆನೆನ್ಸ್‌ನವರು ತಮ್ಮ ಲೆಕ್ಕಕ್ಕಾಗಿ ಬರೆದಿಡುತ್ತಾರೆ, ಸುರಕ್ಷತೆಯ ಉಸಾಬರಿ ಅವರಿಗಿಲ್ಲ. ಪ್ರೊಡಕ್ಷನ್ ರಿಪೋರ್ಟ್, ಹಾಜರಿ, ರಜೆಯ ಪಟ್ಟಿ ಕೂಡ ಅಂಥವೇ. ಈ ಎರಡು ಬಗೆಯ ಕಾಗದಗಳನ್ನು ಪಕ್ಕ ಪಕ್ಕ ಇಟ್ಟಾಗ ಸತ್ಯ ತಾನಾಗಿ ಮೇಲೆ ಬರುತ್ತದೆ. ನನ್ನನ್ನು ಕೇಳಿದರೆ, ಆಡಿಟರಿಗೆ ಇರಬೇಕಾದ ಕೌಶಲದಲ್ಲಿ ಮುಕ್ಕಾಲು ಪಾಲು ಇದೇ: ಯಾವ ಕಾಗದವನ್ನು ಯಾವುದರ ಪಕ್ಕ ಇಡಬೇಕು ಎಂದು ಗೊತ್ತಿರುವುದು.

ಆ ಹತ್ತರಲ್ಲಿ ನಾಲ್ಕು ಆಯುಧಪೂಜೆಯ ದಿನದವು. ಅವತ್ತು ಮಧ್ಯಾಹ್ನದ ಹೊತ್ತಿಗೆ ಪ್ರೆಸ್‌ಗಳಿಗೆ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ, ಬಾಗಿಲಲ್ಲಿ ಬೂದುಗುಂಬಳ ಒಡೆದು ಎಲ್ಲರೂ ಪುರಿ, ಸಿಹಿ ಪೊಟ್ಟಣ ಹಿಡಿದು ಮನೆಗೆ ಹೋಗಿದ್ದಾರೆ. ಸೆಕೆಂಡ್ ಶಿಫ್ಟೂ ಇಲ್ಲ, ನೈಟ್ ಶಿಫ್ಟೂ ಇಲ್ಲ. ಚೆಕ್‌ಶೀಟಿನಲ್ಲಿ ಮಾತ್ರ ಮೂರೂ ಶಿಫ್ಟಿಗೆ ‘ಓಕೆ’. ತಿಂಗಳ ಕೊನೆಯಲ್ಲಿ ಖಾಲಿ ಮನೆಗಳನ್ನೆಲ್ಲ ಒಟ್ಟಿಗೆ ತುಂಬಿದ ಕೈ ಅದು. ಹೀಗೆ ಆರಿಸಿದ ಹತ್ತರಲ್ಲಿ ಏಳು ಸುಳ್ಳು. ಯಾದೃಚ್ಛಿಕವಾಗಿ ತೆಗೆದ ಮೂವತ್ತರಲ್ಲಿ ಮೂರು ಸುಳ್ಳು. ಆ ಮೂರೂ ಹೊತ್ತಿನಲ್ಲಿ ಪ್ರೆಸ್ ಕೆಟ್ಟು ಬಿಚ್ಚಿಕೊಂಡಿತ್ತು.

ವರದಿ ಬರೆಯುವಾಗ ಅವಸರದವರು ಎರಡನ್ನೂ ಕೂಡಿಸಿ ‘ನಲವತ್ತರಲ್ಲಿ ಹತ್ತು, ಶೇ 25 ಸುಳ್ಳು’ ಎಂದುಬಿಡುತ್ತಾರೆ. ಅದು ತಪ್ಪು. ಸಂಶಯದ ಜಾಗದಿಂದಲೇ ತೆಗೆದ ಹತ್ತು ಇಡೀ ಶಾಪನ್ನು ಪ್ರತಿನಿಧಿಸುವುದಿಲ್ಲ. ಅವು ತೋರಿಸುವುದು ಇಷ್ಟೇ: ಸುಳ್ಳು ಇದೆ, ಅದು ಈ ಬಗೆಯದು. ಪ್ರಮಾಣದ ಮಾತು ಮೂವತ್ತರಿಂದ ಮಾತ್ರ ಬರಬೇಕು. ಮೂವತ್ತಕ್ಕೆ ಮೂರು ಎಂದರೆ ಶೇ 10. ಆದರೆ ಇಷ್ಟು ಸಣ್ಣ ಮಾದರಿಯಲ್ಲಿ ನಿಜವಾದ ಪ್ರಮಾಣ ಸುಮಾರು 2ರಿಂದ 27ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಇನ್ನೊಂದು ಮಾತೂ ಇದೆ. ಇಲ್ಲಿ ಸಿಕ್ಕಿದ್ದು ಬೇರೆ ದಾಖಲೆಗೆ ವಿರುದ್ಧವಾಗಿ ನಿಂತ ಟಿಕ್‌ಗಳಷ್ಟೇ. ಪ್ರೆಸ್ ಓಡುತ್ತಿದ್ದ ಮಾಮೂಲಿ ದಿನ, ರಾಡಿಲ್ಲದೆ ಹಾಕಿದ ಟಿಕ್ ಯಾವ ಕಾಗದದಲ್ಲೂ ಸಿಗದು. ಹಾಗಾಗಿ ಮೂರು ಎಂಬುದು ಕನಿಷ್ಠ.

ಇಷ್ಟಾದ ಮೇಲೆ ಯಂತ್ರ. ಕರ್ಟನ್ ಇದೆ, ದೀಪ ಉರಿಯುತ್ತಿದೆ, ಕೈ ತೋರಿಸಿದರೆ ಪ್ರೆಸ್ ನಿಲ್ಲುತ್ತದೆ. ಚೆಕ್‌ಲಿಸ್ಟ್ ಹಿಡಿದು ಬಂದವರು ಇಲ್ಲಿಗೆ ‘ಹೌದು’ ಎಂದು ಬರೆದು ಮುಂದೆ ಹೋಗುತ್ತಾರೆ. ಆದರೆ ಕೇಳಬೇಕಾದದ್ದು ಬೇರೆ: ಕೈ ಡೈಗೆ ತಲುಪುವ ಮೊದಲೇ ನಿಲ್ಲುತ್ತದೆಯೇ? ಕಿರಣ ಕಡಿದ ಕ್ಷಣದಿಂದ ಪ್ರೆಸ್ ಪೂರ್ತಿ ನಿಲ್ಲುವವರೆಗೆ ಸ್ವಲ್ಪ ಸಮಯ ಹೋಗುತ್ತದೆ. ಅಷ್ಟರಲ್ಲಿ ಕೈ ಎಷ್ಟು ದೂರ ಹೋಗಬಲ್ಲದೋ ಅದಕ್ಕಿಂತ ಹಿಂದೆ ಕರ್ಟನ್ ಇರಬೇಕು. ಕೈ ಚಾಚುವ ವೇಗವನ್ನು ಸೆಕೆಂಡಿಗೆ 2 ಮೀಟರ್ ಎಂದು ಹಿಡಿಯುವುದು ವಾಡಿಕೆ. 14 ಮಿಲಿಮೀಟರಿನ ವಸ್ತುವನ್ನು ಗುರುತಿಸುವ ಪರದೆಗೆ ಲೆಕ್ಕ ಇಷ್ಟರಲ್ಲೇ ಮುಗಿಯುತ್ತದೆ. ಕಿರಣಗಳು ಅದಕ್ಕಿಂತ ವಿರಳವಾದರೆ ಇನ್ನಷ್ಟು ದೂರ ಸೇರಿಸಬೇಕು.

14ನೇ ನಂಬರಿನ ಪ್ರೆಸ್ಸಿಗೆ ಕರ್ಟನ್ ಕೂರಿಸಿದಾಗ ನಿಲ್ಲುವ ಸಮಯ 0.15 ಸೆಕೆಂಡ್ ಇತ್ತು. ಎರಡರಿಂದ ಗುಣಿಸಿದರೆ 300 ಮಿಲಿಮೀಟರ್. ಇನ್ನಿಪ್ಪತ್ತು ಸೇರಿಸಿ 320ಕ್ಕೆ ಕೂರಿಸಿದ್ದರು. ಆಗ ಅದು ಸರಿಯೇ. ಆಡಿಟ್ ದಿನ ನಿಲ್ಲುವ ಸಮಯ ಅಳೆಯುವ ಮೀಟರನ್ನು ಬಾಡಿಗೆಗೆ ತಂದು, ಸ್ಲೈಡ್ ಅತಿ ವೇಗವಾಗಿ ಇಳಿಯುವ ಹಂತದಲ್ಲಿ ಕಿರಣ ಕಡಿಸಿ ಹತ್ತು ಸಲ ಅಳೆದರು. ಅತಿ ಹೆಚ್ಚಿನದು 0.21. ಅಂದರೆ ಈಗ ಬೇಕಾದ ದೂರ 420 ಮಿಲಿಮೀಟರ್. ಇರುವುದು 320. ಗೇಣಿನ ಅರ್ಧದಷ್ಟು ಕಡಿಮೆ. ಬ್ರೇಕ್ ಲೈನಿಂಗ್ ಸವೆದಿತ್ತು. ಕರ್ಟನ್ ಕೆಟ್ಟಿಲ್ಲ, ದಿನಾ ರಾಡಿಟ್ಟು ಪ್ರಾಮಾಣಿಕವಾಗಿ ಟೆಸ್ಟ್ ಮಾಡಿದ್ದರೂ ಇದು ಸಿಗುತ್ತಿರಲಿಲ್ಲ. ರಾಡು ಹೇಳುವುದು ಕಿರಣ ಕಡಿಯಿತೇ ಎಂದಷ್ಟೇ, ಪ್ರೆಸ್ ಎಷ್ಟು ಹೊತ್ತಿಗೆ ನಿಂತಿತು ಎಂದಲ್ಲ.

ಇದಕ್ಕಿಂತ ಗಂಭೀರವಾದದ್ದು ಹಳೆಯ ಕೀ ಕ್ಲಚ್ ಪ್ರೆಸ್‌ಗಳಲ್ಲಿತ್ತು. ಅಂಥ ಕ್ಲಚ್ಚಿನಲ್ಲಿ ಕೀ ಒಮ್ಮೆ ಫ್ಲೈವೀಲಿಗೆ ಸಿಕ್ಕಿಕೊಂಡರೆ ಒಂದು ಸುತ್ತು ಪೂರ್ತಿಯಾಗುವವರೆಗೆ ಬಿಡುವುದಿಲ್ಲ. ನಡುವೆ ನಿಲ್ಲಿಸುವ ದಾರಿಯೇ ಇಲ್ಲ. ಅಂದ ಮೇಲೆ ಕಿರಣ ಕಡಿದರೇನು, ಬಿಟ್ಟರೇನು? ಆ ಎರಡು ಪ್ರೆಸ್‌ಗಳ ಮೇಲಿನ ಕರ್ಟನ್ ಬರೀ ಅಲಂಕಾರ. ಅಲಂಕಾರಕ್ಕಿಂತ ಅಪಾಯ, ಏಕೆಂದರೆ ಆಪರೇಟರ್ ಅದನ್ನು ನಂಬಿ ಕೈ ಹಾಕುತ್ತಾನೆ. ಇಂಥ ಪ್ರೆಸ್ಸಿಗೆ ಬೇಕಾದದ್ದು ಬೆರಳು ತೂರದಷ್ಟು ಸಣ್ಣ ಕಿಂಡಿಯಿರುವ ಗಟ್ಟಿ ಜಾಲರಿ ಅಥವಾ ಮುಚ್ಚಿದ ಡೈ. ಉಳಿದ ನಾಲ್ಕು ಹಳೆಯ ಪ್ರೆಸ್‌ಗಳಿಗೆ ಹಾಗೇ ಮಾಡಿದ್ದರು.

ಸಂಜೆ ನಾಲ್ಕಕ್ಕೆ ಮತ್ತೆ ಕಾನ್ಫರೆನ್ಸ್ ರೂಮ್. ಈಗ ದರ್ಜೆ ಕೊಡುವ ಹೊತ್ತು. ದೊಡ್ಡ ಎನ್‌ಸಿ, ಸಣ್ಣ ಎನ್‌ಸಿ, ಬರೀ ಗಮನಕ್ಕೆ ತಂದದ್ದು ಎಂದು ಸಾಮಾನ್ಯವಾಗಿ ಮೂರು ಮೆಟ್ಟಿಲು. ಕೆಲವರು ಇವುಗಳ ಮೇಲೆ ‘ಕೂಡಲೇ ನಿಲ್ಲಿಸಿ’ ಎಂಬ ನಾಲ್ಕನೆಯದನ್ನೂ ಇಡುತ್ತಾರೆ. ಇರಲೇಬೇಕಾದ ಮೆಟ್ಟಿಲು ಅದು. ಚೌಕಾಸಿ ಶುರುವಾಗುವುದೂ ಇಲ್ಲಿಯೇ.

ಪ್ಲಾಂಟ್ ಹೆಡ್ಡಿನ ಮೊದಲ ವಾದ: ‘ಹದಿನಾಲ್ಕರಲ್ಲಿ ಆರು ವರ್ಷದಿಂದ ಒಂದು ಆಕ್ಸಿಡೆಂಟ್ ಆಗಿಲ್ಲ. ಮೈನರ್ ಹಾಕಿ ಸಾರ್.’ ದರ್ಜೆ ಕೊಡುವುದು ಆಗಿದ್ದಕ್ಕಲ್ಲ, ಆಗಬಹುದಾದದ್ದಕ್ಕೆ. ಅಪಘಾತ ಆಗದಿದ್ದರೆ ಅದಕ್ಕೆ ಕಾರಣ ಆಪರೇಟರ್ ಎರಡೂ ಕೈಯಲ್ಲಿ ಬಟನ್ ಒತ್ತುತ್ತಿದ್ದದ್ದೋ, ಬರೀ ಅದೃಷ್ಟವೋ, ಯಾರಿಗೆ ಗೊತ್ತು? ನಂಬಬಹುದಾದ ಅತಿ ಕೆಟ್ಟ ಪರಿಣಾಮ ಏನು ಎಂದು ಮೊದಲು ಕೇಳಬೇಕು: ಕೈ ಹೋಗುವುದು. ಅದಕ್ಕೆ ಐದರಲ್ಲಿ ನಾಲ್ಕು. ಅದನ್ನು ತಡೆಯಲು ಉಳಿದಿರುವ ಅಡ್ಡಿಗಳೆಷ್ಟು ಎಂದು ಆಮೇಲೆ. ಕರ್ಟನ್ ಹತ್ತಿರವಿದೆ, ಟೆಸ್ಟು ನಡೆಯುತ್ತಿಲ್ಲ, ಬಹಳ ಕೆಲಸಗಳಲ್ಲಿ ಪೆಡಲ್ ಬಳಸುತ್ತಾರೆ. ಅದಕ್ಕೂ ನಾಲ್ಕು. ಹದಿನಾರು. ಪ್ರೆಸ್ ನಿಲ್ಲಬೇಕು. ಅವತ್ತೇ ನಿಂತಿತು.

ಎರಡನೆಯ ವಾದ ಇನ್ನೂ ಸ್ವಾರಸ್ಯದ್ದು. ಸುಳ್ಳು ಟಿಕ್‌ಗಳಿಗೆ ದೊಡ್ಡ ಎನ್‌ಸಿ ಏಕೆ? ಟಿಕ್ ಯಾರ ಕೈಯನ್ನೂ ಕತ್ತರಿಸುವುದಿಲ್ಲವಲ್ಲ. ಪರಿಣಾಮ ಇಂತಿಷ್ಟು, ಸಂಭವ ಇಂತಿಷ್ಟು ಎಂದು ಗುಣಿಸುವ ಕೋಷ್ಟಕದಲ್ಲಿ ಇದಕ್ಕೆ ಉತ್ತರ ಸಿಗದು. ಆ ಕೋಷ್ಟಕ ಹುಟ್ಟಿದ್ದು ಯಂತ್ರದ ಅಪಾಯಕ್ಕೆ. ಕಾಗದದ ಟಿಕ್‌ಗೆ ಅದನ್ನು ಹಚ್ಚಿದರೆ ಯಾವಾಗಲೂ ಸಣ್ಣ ಅಂಕವೇ ಬರುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. 18 ಪ್ರೆಸ್‌ಗಳು ಸುರಕ್ಷಿತ ಎಂದು ಮ್ಯಾನೇಜ್‌ಮೆಂಟ್ ಯಾವ ಆಧಾರದ ಮೇಲೆ ಹೇಳುತ್ತಿದೆಯೋ ಆ ಆಧಾರವೇ ಕುಸಿದಿದೆ. ಒಬ್ಬ ಒಂದು ದಿನ ಮರೆತಿದ್ದರೆ ಸಣ್ಣದು. ತಿಂಗಳ ಕೊನೆಗೆ ತುಂಬುವುದು ರೂಢಿಯಾಗಿದ್ದು, ಸೂಪರ್‌ವೈಸರ್ ಅದಕ್ಕೇ ಸಹಿ ಹಾಕುತ್ತಿದ್ದರೆ ಅದು ವ್ಯವಸ್ಥೆಯ ಸೋಲು, ದೊಡ್ಡ ಎನ್‌ಸಿ. ಕಂಬದ ಬಳಿಯ ಬೆಂಕಿ ಆರಿಸುವ ಸಿಲಿಂಡರಿಗೆ ಸ್ಕ್ರ್ಯಾಪ್ ಡಬ್ಬ ಅಡ್ಡ ಇತ್ತು, ಉಳಿದೆಡೆ ಸರಿಯಿತ್ತು. ಅದು ಸಣ್ಣದು. ಡಬ್ಬ ಸರಿಸಿದರು, ಮುಗಿಯಿತು. ಆ ಡಬ್ಬದ ಫೋಟೊ ವರದಿಯಲ್ಲಿ ಅರ್ಧ ಪುಟ ತುಂಬಿ, ಕೀ ಕ್ಲಚ್ಚಿನ ಮಾತು ಎರಡು ಸಾಲಿಗೆ ಇಳಿದಿರುವ ಆಡಿಟ್ ವರದಿಗಳೂ ಇರುತ್ತವೆ. ಫೋಟೊಕ್ಕೆ ಸಿಗುವುದು ಡಬ್ಬ, ಕ್ಲಚ್ಚಲ್ಲ.

ಬರೆಯುವ ರೀತಿಯೂ ಮುಖ್ಯ. ‘ಪ್ರೆಸ್ ಸುರಕ್ಷತೆ ತೃಪ್ತಿಕರವಾಗಿಲ್ಲ’ ಎಂದು ಬರೆದರೆ ಯಾರೂ ಏನೂ ಮಾಡಲಾರರು. ‘14ನೇ ಪ್ರೆಸ್: ನಿಲ್ಲುವ ಸಮಯ 0.21 ಸೆಕೆಂಡ್, ಬೇಕಾದ ದೂರ 420, ಇರುವುದು 320 ಮಿ.ಮೀ.’ ಎಂದು ಬರೆದರೆ ಅದನ್ನು ಒಪ್ಪಬೇಕು, ಇಲ್ಲವೇ ಮತ್ತೆ ಅಳೆದು ತಪ್ಪೆಂದು ತೋರಿಸಬೇಕು. ಆಪರೇಟರಿನ ಹೆಸರು ಮಾತ್ರ ವರದಿಯಲ್ಲಿ ಬೇಡ. ರಾಡು ಬೀರುವಿನಲ್ಲಿದೆ ಎಂದು ಹೇಳಿದ ಹುಡುಗನಿಗೆ ಮೆಮೊ ಬಂದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಈಗ ಕಷ್ಟದ ಭಾಗ. ಹದಿನೈದು ದಿನದಲ್ಲಿ ಸರಿಪಡಿಸಿದ್ದರ ಪಟ್ಟಿ ಬಂತು. ಸುಳ್ಳು ಟಿಕ್‌ನ ಮುಂದೆ ಬರೆದಿತ್ತು: ‘ಎಲ್ಲ ಆಪರೇಟರ್‌ಗಳಿಗೆ ತರಬೇತಿ ಕೊಡಲಾಗಿದೆ, ಸಹಿ ಪಟ್ಟಿ ಲಗತ್ತಿಸಿದೆ. ಕ್ಲೋಸ್.’ ದೇಶದ ಯಾವ ಕಾರ್ಖಾನೆಗೆ ಹೋದರೂ ಸಿಗುವ ಉತ್ತರ ಇದು. ತಂಡ ಒಪ್ಪಲಿಲ್ಲ. ಆಪರೇಟರಿಗೆ ಟೆಸ್ಟ್ ಮಾಡಲು ಬರುತ್ತಿರಲಿಲ್ಲ ಎಂದು ಆಡಿಟ್ ಎಲ್ಲಿ ಹೇಳಿತ್ತು? ರಾಡು ಬೀರುವಿನಲ್ಲಿತ್ತು, ಬೀಗ ಎಂಟೂವರೆಗೆ ತೆರೆಯುತ್ತಿತ್ತು, ಟಿಕ್ ಇಲ್ಲದ ಶೀಟಿಗೆ ಬೈಗುಳ ಸಿಗುತ್ತಿತ್ತು, ಸುಳ್ಳು ಟಿಕ್‌ಗೆ ಏನೂ ಆಗುತ್ತಿರಲಿಲ್ಲ. ರಾಡು ಬೀರುವಿಗೆ ಹೋದದ್ದಾದರೂ ಏಕೆ? ಎರಡು ಸಲ ಕಳೆದುಹೋಗಿತ್ತು. ಕೊನೆಗೆ ಆದದ್ದು ಇದು: ಪ್ರತಿ ಪ್ರೆಸ್ಸಿನ ಕಂಬಕ್ಕೂ ಒಂದು ರಾಡು, ಸ್ಟೀಲ್ ಸರಪಳಿಯಲ್ಲಿ. ಶಿಫ್ಟ್ ಬದಲಾದ ಮೇಲೆ ಒಮ್ಮೆ ಕಿರಣ ಕಡಿದು ಬಿಡದ ಹೊರತು ಮೊದಲ ಸ್ಟ್ರೋಕ್ ಬಾರದಂತೆ ಕಂಟ್ರೋಲ್ ಸರ್ಕ್ಯೂಟಿನಲ್ಲಿ ಬದಲಾವಣೆ. ಮನುಷ್ಯನ ನೆನಪಿನ ಮೇಲಿದ್ದ ಭಾರವನ್ನು ಆದಷ್ಟು ಯಂತ್ರದ ಮೇಲೆ ಹಾಕುವುದು. ಚೆಕ್‌ಶೀಟನ್ನು ತೆಗೆದೇಬಿಡೋಣ ಎಂದರು ಒಬ್ಬರು. ರಾಡಿನಿಂದ ಇಡೀ ಪರದೆಯನ್ನು ಮೇಲಿಂದ ಕೆಳಗೆ ನೋಡುವ ಕೆಲಸ ಸರ್ಕ್ಯೂಟಿನಿಂದ ಆಗದು, ಹಾಗಾಗಿ ಶೀಟು ಉಳಿಯಿತು.

14ನೇ ಪ್ರೆಸ್ಸಿನ ಲೈನಿಂಗ್ ಬದಲಿಸಿದರು, ಸಮಯ 0.15ಕ್ಕೆ ಇಳಿಯಿತು. ಇದು ದುರಸ್ತಿ, ಪರಿಹಾರವಲ್ಲ. ಲೈನಿಂಗ್ ಸವೆದದ್ದು ಗೊತ್ತಾಗದೆ ಉಳಿದದ್ದೇಕೆ ಎಂದು ಹುಡುಕಿದರೆ ಮೇಂಟೆನೆನ್ಸ್ ಕಾರ್ಡಿನಲ್ಲಿ ‘ಬ್ರೇಕ್ ನೋಡಿ’ ಎಂದಷ್ಟೇ ಇತ್ತು. ಏನನ್ನು ನೋಡಬೇಕು, ಎಷ್ಟಿದ್ದರೆ ಬದಲಿಸಬೇಕು ಎಂದಿರಲಿಲ್ಲ. ಈಗ ಕಾರ್ಡಿನಲ್ಲಿ ಪ್ರತಿ ಪ್ರೆಸ್ಸಿಗೂ ಮೀರಬಾರದ ನಿಲ್ಲುವ ಸಮಯ ಸೆಕೆಂಡಿನಲ್ಲಿ ಬರೆದಿದೆ. 14ರಲ್ಲಿ ಸಿಕ್ಕಿದ್ದು ಬೇರೆಡೆಯೂ ಇರಬಹುದಲ್ಲ ಎಂದು ಉಳಿದ ಹದಿನೈದನ್ನೂ ಅಳೆದರು, ಇನ್ನೆರಡು ಸಿಕ್ಕವು. ಒಂದರಲ್ಲಿ ಕರ್ಟನನ್ನೇ ಹಿಂದಕ್ಕೆ ಸರಿಸಿದರು. ಹಾಗೆ ಸರಿಸಿದಾಗ ಬದಿಯ ಸಂದಿನಿಂದ ಕೈ ಹೋಗುವಂತಾಯಿತು, ಅದಕ್ಕೆ ಎರಡೂ ಪಕ್ಕ ತಗಡಿನ ಗಾರ್ಡ್ ಹಾಕಬೇಕಾಯಿತು. ಒಂದು ಪರಿಹಾರ ಇನ್ನೊಂದು ಕಿಂಡಿ ತೆರೆಯುವುದು ಅಪರೂಪವಲ್ಲ. ಮರುಪರಿಶೀಲನೆಗೆ ಹೋದವರು ಮೊದಲು ನೋಡಬೇಕಾದದ್ದೇ ಅದನ್ನು.

ಪಟ್ಟಿಯ ಸಾಲುಗಳನ್ನು ಕ್ಲೋಸ್ ಮಾಡುವುದಕ್ಕೂ ಅಪಾಯ ತಗ್ಗುವುದಕ್ಕೂ ನಡುವಿನ ಅಂತರ ಎಷ್ಟು ಭೀಕರವಾಗಬಲ್ಲದು ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿ ಇದೆ. 1982ರ ಮೇ ತಿಂಗಳಲ್ಲಿ ಯೂನಿಯನ್ ಕಾರ್ಬೈಡ್‌ನ ಅಮೆರಿಕದ ತಜ್ಞರ ತಂಡವೊಂದು ಭೋಪಾಲದ ಕಾರ್ಖಾನೆಯ ಸುರಕ್ಷತಾ ಸಮೀಕ್ಷೆ ನಡೆಸಿತ್ತು. ವಿಷಾನಿಲ ಸೋರುವ ಸಾಧ್ಯತೆ, ಸುರಕ್ಷತಾ ವಾಲ್ವ್ ಮತ್ತು ಉಪಕರಣಗಳ ನಿರ್ವಹಣೆಯಲ್ಲಿನ ಕೊರತೆ, ಪೈಪುಗಳಿಗೆ ಅಡ್ಡ ತಟ್ಟೆ ಹಾಕದೆ ಫಿಲ್ಟರ್ ತೊಳೆಯುವ ಅಭ್ಯಾಸ, ಅನುಭವಿ ಕೆಲಸಗಾರರು ಬಿಟ್ಟು ಹೋಗುತ್ತಿರುವುದು, ಎಲ್ಲವೂ ಆ ವರದಿಯಲ್ಲಿತ್ತು. ಸರಿಪಡಿಸುವ ಯೋಜನೆ ತಯಾರಾಯಿತು, ಪ್ರಗತಿಯ ವರದಿಗಳು ಹೋದವು. 1984ರ ಡಿಸೆಂಬರ್ 2ರ ರಾತ್ರಿ ಅನಿಲ ಹೊರಬಿದ್ದಾಗ, ಅದನ್ನು ಸಂಗ್ರಹಿಸಿದ್ದ ಟ್ಯಾಂಕನ್ನು ತಂಪಾಗಿಡುವ ಘಟಕವನ್ನು ಆರಿಸಿ ತಿಂಗಳುಗಳಾಗಿದ್ದವು. ಅನಿಲ ಸುಡಬೇಕಾದ ಫ್ಲೇರ್ ಗೋಪುರದ ಪೈಪನ್ನು ದುರಸ್ತಿಗೆಂದು ಕಳಚಿದ್ದರು. ಇವೆರಡೂ ಆಡಿಟ್‌ನ ನಂತರ ಆದವು. 1982ರ ಪಟ್ಟಿಯನ್ನು ಹಿಡಿದು ಸಾಲು ಸಾಲಾಗಿ ಟಿಕ್ ಹಾಕುತ್ತ ಹೋದವರಿಗೆ ಅವು ಕಾಣಿಸುವ ದಾರಿಯೇ ಇರಲಿಲ್ಲ. ಪಟ್ಟಿಯಲ್ಲಿ ಅವು ಇರಲಿಲ್ಲವಲ್ಲ.

ಅದಕ್ಕೇ ಮರುಪರಿಶೀಲನೆಗೆ ಹಳೆಯ ಪಟ್ಟಿಯೊಂದೇ ಸಾಲದು, ಜಾಗಕ್ಕೆ ಹೋಗಿ ಹೊಸ ಕಣ್ಣಿನಿಂದ ನೋಡಬೇಕು ಎನ್ನುವುದು. ಪರಿಹಾರ ಹಾಕಿದ ಮರುದಿನ ಹೋದರೂ ಉಪಯೋಗವಿಲ್ಲ, ಮರುದಿನ ಎಲ್ಲವೂ ಹೊಳೆಯುತ್ತಿರುತ್ತದೆ. ಹೊಸ ಅಭ್ಯಾಸ ಸವೆಯಲು ಬೇಕಾದಷ್ಟು ಸಮಯ ಕೊಡಬೇಕು. ನಮ್ಮ ತಂಡ ಮೂರು ತಿಂಗಳು ಬಿಟ್ಟು ಫೆಬ್ರುವರಿಯಲ್ಲಿ, ಹೇಳದೆ, ಈ ಸಲ ನೈಟ್ ಶಿಫ್ಟ್ ಶುರುವಾಗುವ ಹೊತ್ತಿಗೆ ಹೋಯಿತು.

ಕೀ ಕ್ಲಚ್ ಪ್ರೆಸ್ ಎರಡರಲ್ಲಿ ಒಂದಕ್ಕೆ ಜಾಲರಿ ಬಂದಿತ್ತು. ಇನ್ನೊಂದರ ಕೆಲಸಕ್ಕೆ ತಗಡನ್ನು ಕೈಯಲ್ಲಿ ಒಳಗಿಡಲೇಬೇಕು, ಜಾಲರಿ ಒಗ್ಗದು. ಆ ಕೆಲಸವನ್ನು ಫ್ರಿಕ್ಷನ್ ಕ್ಲಚ್ ಪ್ರೆಸ್ಸಿಗೆ ವರ್ಗಾಯಿಸಲು ಡೈ ಬದಲಾಗಬೇಕು, ಅದಕ್ಕೆ ಏಪ್ರಿಲ್‌ವರೆಗೆ ಗಡುವು ಕೇಳಿದ್ದರು. ಗಡುವು ವಿಸ್ತರಣೆಗೆ ಸೇಫ್ಟಿ ಆಫೀಸರ್ ಸಹಿ ಹಾಕುವಂತಿಲ್ಲ ಎಂಬ ನಿಯಮ ಮಾಡಿಕೊಂಡಿದ್ದು ಇಲ್ಲಿ ಕೆಲಸಕ್ಕೆ ಬಂತು. ಉತ್ಪಾದನೆಯ ಲಾಭ ಯಾರದೋ ಅವರೇ, ಅಂದರೆ ಪ್ಲಾಂಟ್ ಹೆಡ್, ಅಲ್ಲಿಯವರೆಗೆ ಏನು ಮಾಡುತ್ತೇವೆ ಎಂದು ಬರೆದು ಸಹಿ ಮಾಡಬೇಕು. ತಮ್ಮ ಹೆಸರಿನ ಸಹಿ ಎಂದಾಗ ಅವರು ಆ ಪ್ರೆಸ್ಸಿನ ಮೇನ್ ಸ್ವಿಚ್ಚಿಗೆ ಬೀಗ ಹಾಕಿಸಿದರು. ಕೆಲಸವನ್ನು ತಾತ್ಕಾಲಿಕವಾಗಿ ಹೊರಗೆ ಕೊಟ್ಟರು. ಹೊರಗಿನ ಆ ಸಣ್ಣ ಶೆಡ್ಡಿನಲ್ಲಿ ಯಾವ ಪ್ರೆಸ್ ಇದೆ ಎಂದು ಮೇಸ್ತ್ರಿ ಕೇಳಿದರು. ಅದಕ್ಕೆ ಅಲ್ಲಿದ್ದ ಯಾರಲ್ಲೂ ಉತ್ತರವಿರಲಿಲ್ಲ. ಅದು ವರದಿಯಲ್ಲಿ ಹೊಸ ಸಾಲಾಗಿ ಸೇರಿತು.

ಸರಪಳಿಯ ರಾಡು ಹದಿನಾರರಲ್ಲಿ ಹದಿನಾಲ್ಕು ಪ್ರೆಸ್‌ಗಳಲ್ಲಿ ಇತ್ತು, ಎರಡರಲ್ಲಿ ಸರಪಳಿ ಮಾತ್ರ ನೇತಾಡುತ್ತಿತ್ತು. ಚೆಕ್‌ಶೀಟು ಮತ್ತೆ ಮೂವತ್ತು ತೆಗೆದು ಬ್ರೇಕ್‌ಡೌನ್ ರಿಜಿಸ್ಟರಿನ ಪಕ್ಕ ಇಟ್ಟರು. ಸಂಕ್ರಾಂತಿ ರಜೆಯ ಶೀಟುಗಳನ್ನು ಬೇರೆಯಾಗಿ ತೆಗೆದರು. ಅವು ಖಾಲಿ ಇದ್ದವು, ಖಾಲಿ ಇರಬೇಕಾದದ್ದೇ. ಮೂವತ್ತರಲ್ಲಿ ಒಂದೂ ವಿರುದ್ಧ ಸಿಗಲಿಲ್ಲ. ‘ಹಾಗಾದ್ರೆ ಸೊನ್ನೆ ಅಂತ ಬರೀಬಹುದಲ್ಲ’ ಎಂದರು ಪ್ರೊಡಕ್ಷನ್ ಮ್ಯಾನೇಜರು. ಮೂವತ್ತು ನೋಡಿ ಒಂದೂ ಸಿಗದಿದ್ದರೆ ಹೇಳಬಹುದಾದದ್ದು ಸುಳ್ಳಿನ ಪ್ರಮಾಣ ಶೇ 10ಕ್ಕಿಂತ ಹೆಚ್ಚಿರುವ ಸಂಭವ ಕಡಿಮೆ ಎಂದಷ್ಟೇ. ಮೂರನ್ನು ಮಾದರಿಯ ಸಂಖ್ಯೆಯಿಂದ ಭಾಗಿಸಿದರೆ ಸಿಗುವ ಅಂದಾಜು ಅದು. ಸುಳ್ಳು ಟಿಕ್‌ನ ದೊಡ್ಡ ಎನ್‌ಸಿಯನ್ನು ತಂಡ ಸಣ್ಣದಕ್ಕೆ ಇಳಿಸಿತು, ಕ್ಲೋಸ್ ಮಾಡಲಿಲ್ಲ. ಎರಡು ರಾಡು ಎಲ್ಲಿ ಹೋದವು ಎಂಬುದಕ್ಕೆ ಲೈನ್ ಇನ್‌ಚಾರ್ಜ್ ಹತ್ತು ದಿನದಲ್ಲಿ ಉತ್ತರ ಕೊಡಬೇಕು, ಮೇ ತಿಂಗಳಲ್ಲಿ ಇನ್ನೊಂದು ಮೂವತ್ತು ಶೀಟು ತೆಗೆಯಬೇಕು ಎಂದು ಬರೆದು, ಮೂವರೂ ಸಹಿ ಹಾಕಿದರು.